ವರ್ಷಕ್ಕೊಂದು ಎಲುಬಿನ ಇಂಜೆಕ್ಷನ್, ಈಗ ಕೀಳಬೇಕಾದ ದವಡೆ ಹಲ್ಲು

ಪ್ರಶ್ನೆ: ನಾವು ಗದಗದವರು. ನಮ್ಮ ಅವ್ವನಿಗೆ 67 ವರ್ಷ. ಬೆನ್ನಿನ ಎಲುಬು ಕುಸಿದಿತ್ತು. ಅದಕ್ಕೆ ನಾಲ್ಕು ವರ್ಷ ವಾರಕ್ಕೊಂದು ಗುಳಿಗೆ ತಗೊಂಡರು. ಆಮೇಲೆ ವರ್ಷಕ್ಕೊಂದರಂತೆ ಮೂರು ಸಲ ಸಲಾಯಿನ್‌ನಲ್ಲಿ ಇಂಜೆಕ್ಷನ್ ಆಗಿದೆ. ಕೊನೆಯದು ಎಂಟು ತಿಂಗಳ ಹಿಂದೆ. ಶುಗರ್ ಕೂಡ ಇದೆ. ಈಗ ಕೆಳಗಿನ ದವಡೆ ಹಲ್ಲು ಅಲುಗಾಡಿ ಕೀವು ಬರುತ್ತಿದೆ. ಒಬ್ಬ ಡಾಕ್ಟರು ಕೀಳಲೇಬಾರದು, ಎಲುಬು ಕೊಳೆಯುತ್ತದೆ ಎಂದರು. ಇನ್ನೊಬ್ಬರು ಇಂಜೆಕ್ಷನ್ ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಯಾವುದನ್ನು ನಂಬೋಣ?

ಉತ್ತರ: ನೀವು ಬರೆದಷ್ಟನ್ನು ನೋಡಿದರೆ ಆ ಹಲ್ಲನ್ನು ತೆಗೆಸುವುದೇ ಒಳ್ಳೆಯದು. ಆದರೆ ಎಲ್ಲರಿಗೂ ಮಾಡುವ ಹಾಗೆ ಸುಮ್ನೆ ಕಿತ್ತು, ಹತ್ತಿ ಕಚ್ಚಿಸಿ ಮನೆಗೆ ಕಳಿಸುವ ಕೆಲಸ ಇದಲ್ಲ. ಮೊದಲು ಸ್ವಲ್ಪ ತಯಾರಿ ಬೇಕು, ಆಮೇಲೆ ಎರಡು ತಿಂಗಳು ಕಣ್ಣಿಡಬೇಕು. ಮೂರು ತಿಂಗಳು ಕಾಯುವುದರಿಂದ ಮಾತ್ರ ನಿಮ್ಮ ತಾಯಿಗೆ ಲಾಭವಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಆ ಔಷಧಿ ಎಲುಬಿನ ಒಳಗೆ ಏನು ಮಾಡುತ್ತದೆ ಎಂಬುದರಿಂದ ಶುರು ಮಾಡಬೇಕು.

ನಮ್ಮ ಎಲುಬು ಒಮ್ಮೆ ಬೆಳೆದು ಹಾಗೇ ನಿಂತುಬಿಡುವ ವಸ್ತು ಅಲ್ಲ. ಅದರಲ್ಲಿ ಎರಡು ಥರದ ಕೋಶಗಳು ಜೀವನವಿಡೀ ಕೆಲಸ ಮಾಡುತ್ತಿರುತ್ತವೆ. ಒಂದು ಥರದವು ಹಳೆಯ, ಬಿರುಕು ಬಿಟ್ಟ ಎಲುಬನ್ನು ಕರಗಿಸಿ ತೆಗೆಯುತ್ತವೆ. ಇನ್ನೊಂದು ಥರದವು ಅದೇ ಜಾಗದಲ್ಲಿ ಹೊಸ ಎಲುಬು ಕಟ್ಟುತ್ತವೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳಲ್ಲಿ ಕರಗಿಸುವ ಕೆಲಸ ಜಾಸ್ತಿಯಾಗಿ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಎಲುಬು ಟೊಳ್ಳಾಗುವುದು ಹಾಗೆ. ನಿಮ್ಮ ತಾಯಿ ತಗೊಂಡ ವಾರದ ಗುಳಿಗೆ ಬಹುತೇಕ ಅಲೆಂಡ್ರೊನೇಟ್ 70 ಮಿಲಿಗ್ರಾಂ ಇರಬೇಕು. ವರ್ಷದ ಇಂಜೆಕ್ಷನ್ ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ. ಎರಡೂ ಬಿಸ್‌ಫಾಸ್ಫೊನೇಟ್ ಎಂಬ ಒಂದೇ ಗುಂಪಿನವು. ಇವು ಎಲುಬಿನ ಖನಿಜಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಕರಗಿಸುವ ಕೋಶ ಬಂದು ಆ ಎಲುಬನ್ನು ತಿನ್ನತೊಡಗಿದರೆ ಔಷಧಿಯೂ ಅದರ ಹೊಟ್ಟೆ ಸೇರುತ್ತದೆ. ಕೋಶ ಕೆಲಸ ನಿಲ್ಲಿಸುತ್ತದೆ, ಎಷ್ಟೋ ಸಲ ಸತ್ತೇ ಹೋಗುತ್ತದೆ. ಬೆನ್ನುಮೂಳೆ, ಸೊಂಟದ ಎಲುಬು ಉಳಿಯುವುದು ಇದರಿಂದಲೇ. ನಿಮ್ಮ ತಾಯಿಯ ಬೆನ್ನಿಗೆ ಈ ಔಷಧಿ ಬೇಕೇ ಬೇಕಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ.

ತೊಂದರೆ ಬರುವುದು ಹಲ್ಲು ಕಿತ್ತಾಗ. ಹಲ್ಲು ಹೊರಬಂದ ಕುಳಿಯ ಸುತ್ತ ತೆಳ್ಳನೆಯ ಎಲುಬಿನ ಗೋಡೆ ಇರುತ್ತದೆ. ಕೀಳುವಾಗ ಅದರ ಅಂಚು ಸ್ವಲ್ಪ ಜಜ್ಜುತ್ತದೆ, ಚೂಪಾಗುತ್ತದೆ. ಅಲ್ಲಲ್ಲಿ ರಕ್ತ ಸಿಗದೆ ಸಾಯುತ್ತದೆ. ಯಾರಿಗೆ ಕಿತ್ತರೂ ಇಷ್ಟು ಆಗಿಯೇ ಆಗುತ್ತದೆ. ಆದರೆ ಉಳಿದವರಲ್ಲಿ ಕರಗಿಸುವ ಕೋಶಗಳು ಬಂದು ಆ ಸತ್ತ ಅಂಚನ್ನು ತೆಗೆದುಹಾಕುತ್ತವೆ. ಒಂದೆರಡು ವಾರದಲ್ಲಿ ವಸಡು ಮೇಲಿಂದ ಮುಚ್ಚಿಕೊಳ್ಳುತ್ತದೆ, ಒಳಗೆ ಕೆಲವು ತಿಂಗಳಲ್ಲಿ ಹೊಸ ಎಲುಬು ತುಂಬುತ್ತದೆ. ಗೋಡೆಯ ಸಡಿಲು ಗಾರೆಯನ್ನು ಕೆರೆದು ತೆಗೆಯದೆ ಹೊಸ ಗಾರೆ ಮೆತ್ತಿದರೆ ನಿಲ್ಲುವುದಿಲ್ಲ ಅಲ್ವಾ? ಇಲ್ಲಿಯೂ ಕೆರೆಯುವವರೇ ಬರದಿದ್ದರೆ ಕಟ್ಟುವವರಿಗೆ ಜಾಗವಿಲ್ಲ. ಸತ್ತ ಅಂಚು ಹಾಗೇ ಉಳಿಯುತ್ತದೆ. ಅದರ ಮೇಲೆ ವಸಡು ಬೆಳೆಯಲಾರದು. ಎಲುಬು ಬಾಯಿಗೆ ತೆರೆದೇ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರುತ್ತವೆ.

ಹಾಗಾದರೆ ಕೈಕಾಲಿನ ಎಲುಬಿಗೆ ಆಗದ್ದು ದವಡೆಗೇ ಯಾಕೆ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಮುಖ್ಯ ಕಾರಣ ಹಲ್ಲೇ. ದೇಹದಲ್ಲಿ ಬೇರೆಲ್ಲ ಎಲುಬಿನ ಮೇಲೆ ಮಾಂಸ, ಚರ್ಮದ ಮುಚ್ಚಿಗೆ ಇದೆ. ದವಡೆಯಲ್ಲಿ ಮಾತ್ರ ಹಲ್ಲು ಆ ಮುಚ್ಚಿಗೆಯನ್ನು ಸೀಳಿಕೊಂಡು ಹೊರಬಂದಿದೆ. ಬಾಯಿಯ ಬ್ಯಾಕ್ಟೀರಿಯಾಗಳಿಗೆ ಎಲುಬಿನ ಬಾಗಿಲು ಅಲ್ಲೇ. ಜೊತೆಗೆ ದವಡೆಯ ಮೇಲಿನ ವಸಡು ಬಹಳ ತೆಳು, ಅದರಲ್ಲೂ ಕೆಳದವಡೆಯ ಒಳಬದಿಯಲ್ಲಿ, ನಾಲಿಗೆ ತಾಗುವ ಕಡೆ. ಇನ್ನೊಂದು ಏನೆಂದರೆ ದಿನವಿಡೀ ಅಗಿಯುವ ಭಾರ ಬೀಳುವುದರಿಂದ ದವಡೆಯ ಎಲುಬು ಕೈಕಾಲಿನ ಎಲುಬಿಗಿಂತ ಬೇಗ ಬೇಗ ಹೊಸದಾಗುತ್ತಿರುತ್ತದೆ. ಅಂದರೆ ಕರಗಿಸುವ ಕೋಶಗಳ ಮೇಲೆ ಅದಕ್ಕೆ ಅವಲಂಬನೆ ಜಾಸ್ತಿ. ಅವು ಕೆಲಸ ನಿಲ್ಲಿಸಿದ್ದು ಮೊದಲು ತಿಳಿಯುವುದೂ ಅಲ್ಲೇ. ಕೆಳದವಡೆಗೆ ರಕ್ತ ಪೂರೈಕೆ ಮೇಲ್ದವಡೆಗಿಂತ ಕಡಿಮೆ, ಎಲುಬೂ ಹೆಚ್ಚು ಗಟ್ಟಿ. ಈ ತೊಂದರೆಯಲ್ಲಿ ಸುಮಾರು ಮುಕ್ಕಾಲು ಪಾಲು ಕೆಳದವಡೆಯಲ್ಲೇ ಕಾಣುತ್ತದೆ. ನಿಮ್ಮ ತಾಯಿಯ ಹಲ್ಲೂ ಅಲ್ಲಿಯದೇ, ಹಾಗಾಗಿ ಎಚ್ಚರ ಬೇಕು.

ಈಗ ನಿಮಗೆ ಭಯ ಹುಟ್ಟಿಸಿದ ಮಾತಿಗೆ ಬರೋಣ. 2003ರಲ್ಲಿ ಅಮೆರಿಕದ ದವಡೆ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ ಅವರು ಇಂಥ 36 ರೋಗಿಗಳ ಬಗ್ಗೆ ಬರೆದ ಮೇಲೆ ಈ ತೊಂದರೆ ಎಲ್ಲರ ಗಮನಕ್ಕೆ ಬಂತು. ಅವರಲ್ಲಿ ಹೆಚ್ಚಿನವರು ಎಲುಬಿಗೆ ತಗುಲಿದ ಕ್ಯಾನ್ಸರ್‌ಗಾಗಿ ಈ ಔಷಧಿ ಪಡೆದವರು. ಆ ಪ್ರಮಾಣವೇ ಬೇರೆ. ಕ್ಯಾನ್ಸರ್‌ನವರಿಗೆ ಇದೇ ಜೊಲೆಡ್ರೊನಿಕ್ ಆಸಿಡ್ 4 ಮಿಲಿಗ್ರಾಂ, ಹೆಚ್ಚಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ವರ್ಷಕ್ಕೆ ಲೆಕ್ಕ ಹಾಕಿದರೆ 50 ಮಿಲಿಗ್ರಾಂ ದಾಟುತ್ತದೆ. ನಿಮ್ಮ ತಾಯಿಗೆ ವರ್ಷಕ್ಕೆ 5. ಹತ್ತು ಪಟ್ಟು ಅಂತರ! ಕ್ಯಾನ್ಸರ್ ಪ್ರಮಾಣದಲ್ಲಿ ಪಡೆದವರ ಹಲ್ಲು ಕಿತ್ತರೆ ಎಲುಬು ಮಾಯದಿರುವ ಸಂಭವ ನೂರಕ್ಕೆ ಒಂದೂವರೆಯಿಂದ ಹದಿನೈದರ ಹತ್ತಿರದವರೆಗೂ ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಟೊಳ್ಳೆಲುಬಿಗೆ ಗುಳಿಗೆ ತಗೊಂಡವರಲ್ಲಿ ಹಲ್ಲು ಕಿತ್ತ ಮೇಲೂ ಅದು ಸಾವಿರಕ್ಕೆ ಒಂದೆರಡರ ಆಸುಪಾಸು, ಅಥವಾ ಅದಕ್ಕಿಂತ ಕಡಿಮೆ.

ನಿಮ್ಮ ತಾಯಿಗೆ ಗುಳಿಗೆ, ಇಂಜೆಕ್ಷನ್ ಸೇರಿ ಏಳು ವರ್ಷವಾಗಿದೆ. ಶುಗರ್ ಇದೆ, ಹಲ್ಲಿನ ಬುಡದಲ್ಲಿ ಕೀವು ಇದೆ. ಈ ಮೂರೂ ಸೇರಿ ಅವರ ಸಂಭವವನ್ನು ಸರಾಸರಿಗಿಂತ ಮೇಲೆ ಒಯ್ಯುತ್ತವೆ. ಆದರೂ ಅದು ಕ್ಯಾನ್ಸರ್‌ನವರ ಸಾಲಿಗೆ ಬರುವುದಿಲ್ಲ. "ಕೀಳಲೇಬಾರದು" ಎಂಬ ಮಾತು ಆ ಸಾಲಿನ ರೋಗಿಗಳಿಂದ ಹುಟ್ಟಿದ್ದು. ಅಲ್ಲಿಯೂ ಅದು ಪೂರ್ತಿ ಸರಿಯಲ್ಲ.

ಯಾಕೆ ಸರಿಯಲ್ಲ? ಕೀವು ಒಳಗೇ ಉಳಿದರೆ ಎಲುಬಿಗೆ ಅಪಾಯ ಇನ್ನೂ ಜಾಸ್ತಿ. ಮೊದಲು ನಾವೆಲ್ಲ ಹಲ್ಲು ಕಿತ್ತಿದ್ದರಿಂದಲೇ ಎಲುಬು ಸತ್ತಿತು ಎಂದುಕೊಳ್ಳುತ್ತಿದ್ದೆವು. ಆದರೆ ಆ ಹಲ್ಲನ್ನು ಕಿತ್ತಿದ್ದೇ ಯಾಕೆ? ಬಹಳಷ್ಟು ಸಲ ಬುಡದಲ್ಲಿ ಸೋಂಕು ಇತ್ತು ಎಂದೇ. ಅಂದರೆ ಎಷ್ಟೋ ಜನರಲ್ಲಿ ಕೀಳುವ ಮೊದಲೇ ಸುತ್ತಲಿನ ಎಲುಬು ಕೆಟ್ಟಿರುತ್ತದೆ, ಕಿತ್ತಾಗ ಅದು ಕಣ್ಣಿಗೆ ಬೀಳುತ್ತದೆ ಅಷ್ಟೇ. ಹಲ್ಲು ಕೀಳದೇ ಇದ್ದರೂ ಸೋಂಕಿನಿಂದಲೇ ಎಲುಬು ತೆರೆದುಕೊಂಡವರಿದ್ದಾರೆ. ಅಲುಗಾಡುತ್ತಿರುವ, ಕೀವು ಸುರಿಸುತ್ತಿರುವ ಹಲ್ಲನ್ನು ಭಯದಿಂದ ಉಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮೂರು ತಿಂಗಳ ಮಾತು. ಜೊಲೆಡ್ರೊನಿಕ್ ಆಸಿಡ್ ಕೊಟ್ಟ ಮೇಲೆ ಒಂದು ದಿನದೊಳಗೆ ಸುಮಾರು ಹತ್ತರಲ್ಲಿ ನಾಲ್ಕು ಭಾಗ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು ಹೆಚ್ಚಾಗಿ ಎಲುಬಿಗೆ ಅಂಟುತ್ತದೆ, ಅಲ್ಲಿಂದ ಬಿಡುವುದು ಬಹಳ ನಿಧಾನ. ಅಲೆಂಡ್ರೊನೇಟ್ ಗುಳಿಗೆಯ ಅಂಶವೂ ಹಾಗೇ ವರ್ಷಗಟ್ಟಲೆ ಎಲುಬಿನಲ್ಲಿ ಕೂತಿರುತ್ತದೆ. ಮೂರು ತಿಂಗಳಲ್ಲಿ ಅದು ಖಾಲಿಯಾಗುವ ಮಾತೇ ಇಲ್ಲ. ಇನ್ನು ನಿಮ್ಮ ತಾಯಿಗೆ ಕೊನೆಯ ಇಂಜೆಕ್ಷನ್ ಆಗಿ ಎಂಟು ತಿಂಗಳಾಗಿದೆ. ಅವರು ಆಗಲೇ ಎಂಟು ತಿಂಗಳಿಂದ ಏನೂ ತಗೊಂಡಿಲ್ಲ, ಮತ್ತೆ ಬಿಡುವುದು ಏನನ್ನು? ಎರಡು ಮೂರು ತಿಂಗಳು ಬಿಡುವು ಕೊಡಿ ಎಂಬ ಸಲಹೆ ಹಿಂದೆ ನಾಲ್ಕು ವರ್ಷಕ್ಕಿಂತ ಜಾಸ್ತಿ ಗುಳಿಗೆ ನುಂಗಿದವರಿಗೆ ಕೊಡುತ್ತಿದ್ದದ್ದು. ಅದರಿಂದ ಲಾಭ ಇದೆಯೋ ಇಲ್ಲವೋ ಎಂಬ ಬಗ್ಗೆ ನಮ್ಮ ಕ್ಷೇತ್ರದಲ್ಲೇ ಒಮ್ಮತವಿಲ್ಲ. ನಾನು ನಿಮ್ಮ ತಾಯಿಗೆ ಕಾಯಿಸುವುದಿಲ್ಲ. ಮುಂದಿನ ಇಂಜೆಕ್ಷನ್‌ಗೆ ಇನ್ನೂ ನಾಲ್ಕು ತಿಂಗಳಿದೆ, ಆದ್ದರಿಂದ ಹಲ್ಲು ತೆಗೆಸಲು ಇದು ಒಳ್ಳೆಯ ಸಮಯ. ಕುಳಿ ಮುಚ್ಚಿದ ಮೇಲೆ ಇಂಜೆಕ್ಷನ್ ಬಗ್ಗೆ ಯೋಚಿಸಬಹುದು.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ಹೊಟ್ಟೆಗೋ ತೋಳಿಗೋ ಚರ್ಮದಡಿ ಆರು ತಿಂಗಳಿಗೊಮ್ಮೆ ಕೊಡುವ ಇನ್ನೊಂದು ಎಲುಬಿನ ಇಂಜೆಕ್ಷನ್ ಇದೆ. ಡೆನೊಸುಮ್ಯಾಬ್ 60 ಮಿಲಿಗ್ರಾಂ. ಅದೂ ಕರಗಿಸುವ ಕೋಶಗಳನ್ನೇ ತಡೆಯುತ್ತದೆ, ಆದರೆ ಎಲುಬಿಗೆ ಅಂಟುವುದಿಲ್ಲ. ಆರು ತಿಂಗಳಾದ ಮೇಲೆ ಅದರ ಪ್ರಭಾವ ಇಳಿದುಬಿಡುತ್ತದೆ. ಆ ಇಂಜೆಕ್ಷನ್‌ನಲ್ಲಿ ತಾರೀಖು ಲೆಕ್ಕಕ್ಕೆ ಬರುತ್ತದೆ. ಕೊನೆಯ ಡೋಸ್ ಆಗಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಹಲ್ಲು ತೆಗೆದರೆ ಮುಂದಿನ ಡೋಸ್‌ಗೆ ಮೊದಲು ಗಾಯ ಮಾಯಲು ಆರೆಂಟು ವಾರ ಸಿಗುತ್ತದೆ. ಆದರೆ ಅದನ್ನು ಬಿಟ್ಟುಬಿಡುವುದು ಅಪಾಯ. ಏಳು ತಿಂಗಳು ದಾಟಿದರೆ ತಡೆದಿಟ್ಟ ಕೋಶಗಳೆಲ್ಲ ಒಮ್ಮೆಲೇ ಕೆಲಸಕ್ಕೆ ಬೀಳುತ್ತವೆ, ಬೆನ್ನುಮೂಳೆಯ ಒಂದಕ್ಕಿಂತ ಹೆಚ್ಚು ಎಲುಬು ಸಾಲಾಗಿ ಕುಸಿಯಬಹುದು. ಹಲ್ಲಿನ ಸಲುವಾಗಿ ಯಾರೋ ನಿಲ್ಲಿಸಲು ಹೇಳಿ, ಆಮೇಲೆ ಯಾರೂ ಮತ್ತೆ ಶುರು ಮಾಡಿಸದೆ ಬೆನ್ನು ಹಿಡಿದುಕೊಂಡು ಬಂದವರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ. ಆದ್ದರಿಂದ ಮೊದಲು ತಾಯಿಯ ಫೈಲ್ ತೆಗೆಯಿರಿ. ಇಂಜೆಕ್ಷನ್‌ನ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯದು ಯಾವ ತಾರೀಖಿಗೆ, ಯಾವ ಕಾಯಿಲೆಗೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಲಾಯಿನ್‌ನಲ್ಲಿ ಹಾಕಿದ್ದರೆ ಜೊಲೆಡ್ರೊನಿಕ್ ಇರಬಹುದು ಎಂಬುದು ನನ್ನ ಅಂದಾಜು, ಫೈಲ್ ನೋಡದೆ ಖಾತ್ರಿ ಮಾಡಿಕೊಳ್ಳಬೇಡಿ. ಯಾವ ಗುಳಿಗೆ ತಗೋತೀರಿ ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು ಬಿಪಿ, ಶುಗರ್ ಎಂದು ಹೇಳಿ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆ ಆದ ಇಂಜೆಕ್ಷನ್ ಅವರ ನೆನಪಿಗೇ ಬರುವುದಿಲ್ಲ.

ಈಗ ಹಲ್ಲಿಗೆ ಏನು ಮಾಡಬೇಕು. ಮೊದಲು ಇಡೀ ದವಡೆಯ ಎಕ್ಸ್‌ರೇ, ನಾವು ಓಪಿಜಿ ಎನ್ನುವುದು, ತೆಗೆಸಿ. ಅದರಲ್ಲಿ ಹಲ್ಲಿನ ಬುಡದಲ್ಲಿ ಎಷ್ಟು ಎಲುಬು ಉಳಿದಿದೆ ಎಂದು ಕಾಣುತ್ತದೆ. ಹಿಂದೆ ಕಿತ್ತ ಹಲ್ಲಿನ ಕುಳಿ ತುಂಬಿದೆಯೋ ಇಲ್ಲವೋ ಎಂಬುದೂ ಕಾಣುತ್ತದೆ. ವರ್ಷದ ಹಿಂದೆ ಕಿತ್ತ ಕುಳಿ ಇನ್ನೂ ಖಾಲಿಯಾಗಿ ಕಂಡರೆ ಅದು ಎಚ್ಚರಿಕೆಯ ಸೂಚನೆ. ಹಲ್ಲು ಬರೀ ಹುಳುಕಾಗಿ ಗಟ್ಟಿಯಾಗಿ ನಿಂತಿದ್ದರೆ ನಾನು ರೂಟ್ ಕೆನಾಲ್ ಮಾಡಿಸಿ ಉಳಿಸಿ ಎನ್ನುತ್ತಿದ್ದೆ. ಮೇಲ್ಭಾಗ ಮುರಿದುಹೋಗಿದ್ದರೂ ಬೇರಿನ ಒಳಗನ್ನು ಶುದ್ಧ ಮಾಡಿ ತುಂಬಿ, ವಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಹಾಗೇ ಎಲುಬಿನಲ್ಲಿ ಬಿಡಬಹುದು. ಕ್ಯಾನ್ಸರ್ ಪ್ರಮಾಣದ ಇಂಜೆಕ್ಷನ್ ಪಡೆದವರಿಗೆ ಇದು ಬಹಳ ಉಪಯೋಗದ ದಾರಿ. ನಿಮ್ಮ ತಾಯಿಯ ಹಲ್ಲು ಅಲುಗಾಡುತ್ತಿದೆ, ಸುತ್ತ ಕೀವಿದೆ. ಅಂದರೆ ಅದನ್ನು ಹಿಡಿದಿದ್ದ ಎಲುಬೇ ಹೋಗಿದೆ. ಅಲ್ಲಿ ರೂಟ್ ಕೆನಾಲ್‌ಗೆ ದುಡ್ಡು ಹಾಕಬೇಡಿ.

ಕೀಳುವ ಮೊದಲು ಮೂರು ತಿಂಗಳ ಶುಗರ್ ಸರಾಸರಿ ಪರೀಕ್ಷೆ ಮಾಡಿಸಿ. ಅದು 8ರ ಮೇಲಿದ್ದರೆ ನಿಮ್ಮ ಶುಗರ್ ಡಾಕ್ಟರಿಗೆ ತೋರಿಸಿ ಹತೋಟಿಗೆ ತರಲು ಶುರು ಮಾಡಿ. ಕೀವು ಇರುವಾಗ ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಬೇಡ. ಉಳಿದ ಹಲ್ಲುಗಳ ಕಲ್ಲು ತೆಗೆಸಿ, ಬಾಯಿ ಶುಚಿ ಮಾಡಿಸಿ. ಕೀಳುವ ಕೆಲವು ದಿನ ಮೊದಲಿನಿಂದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್, 0.2 ಶೇಕಡದ್ದು, ದಿನಕ್ಕೆ ಎರಡು ಸಲ ಒಂದು ನಿಮಿಷ ಬಾಯಲ್ಲಿ ಇಟ್ಟು ಉಗುಳಬೇಕು. ಪೇಸ್ಟ್ ಹಚ್ಚಿ ಉಜ್ಜಿದ ತಕ್ಷಣ ಹಾಕಬೇಡಿ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಅದರ ಶಕ್ತಿ ಕಡಿಮೆಯಾಗುತ್ತದೆ. ಹಲ್ಲಿಗೆ ಕಂದು ಬಣ್ಣ ಬಂದರೆ ಹೆದರಬೇಡಿ, ಆಮೇಲೆ ತೆಗೆಯಬಹುದು. ಕೀಳುವ ಹಿಂದಿನ ದಿನದಿಂದಲೇ ಆಂಟಿಬಯೋಟಿಕ್ ಶುರು ಮಾಡುವ ಪದ್ಧತಿಯೂ ನಮ್ಮಲ್ಲಿದೆ, ಸಾಮಾನ್ಯವಾಗಿ ಅಮೊಕ್ಸಿಸಿಲಿನ್. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಅಂಗಡಿಯಲ್ಲಿ ಕೇಳಿ ನೀವೇ ಶುರು ಮಾಡಬೇಡಿ.

ಕೀಳುವ ರೀತಿಯೂ ಸ್ವಲ್ಪ ಬೇರೆ. ದವಡೆ ಹಲ್ಲಿಗೆ ಎರಡು ಬೇರು. ಇಕ್ಕಳದಲ್ಲಿ ಹಿಡಿದು ಜಗ್ಗಿದರೆ ಕುಳಿಯ ಗೋಡೆ ಒಡೆಯುತ್ತದೆ. ಅದರ ಬದಲು ಹಲ್ಲನ್ನು ಸೀಳಿ ಒಂದೊಂದೇ ಬೇರನ್ನು ನಿಧಾನಕ್ಕೆ ಎತ್ತುವುದು. ಆಮೇಲೆ ಚೂಪಾದ ಅಂಚುಗಳನ್ನು ನಯ ಮಾಡುವುದು, ಬುಡದಲ್ಲಿರುವ ಕೆಟ್ಟ ಮಾಂಸವನ್ನು ಕೆರೆದು ತೆಗೆಯುವುದು, ವಸಡನ್ನು ಎಳೆದು ಕುಳಿಯ ಮೇಲೆ ಹೊಲಿಗೆ ಹಾಕುವುದು. ನಿಮ್ಮ ತಾಯಿಯ ವಿಷಯದಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಈ ನಯ ಮಾಡುವ ಮತ್ತು ಮುಚ್ಚುವ ಕೆಲಸಕ್ಕೆ. ಚೂಪು ಅಂಚನ್ನು ಕರಗಿಸುವ ಕೋಶಗಳು ಅವರಲ್ಲಿ ಸೋತಿವೆ, ಆ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಬೇರೆ ಹಲ್ಲೂ ಕೀಳಬೇಕಿದ್ದರೆ ಒಂದೇ ದಿನ ಎಲ್ಲ ಕೀಳಿಸಬೇಡಿ. ತುರ್ತು ಇಲ್ಲದಿದ್ದರೆ ಇದು ಎರಡು ತಿಂಗಳಲ್ಲಿ ಹೇಗೆ ಮಾಯುತ್ತದೆ ನೋಡಿ, ಮುಂದಿನದು. ಗದಗದಲ್ಲೇ ದವಡೆ ಶಸ್ತ್ರಚಿಕಿತ್ಸೆ ಓದಿದ ಹಲ್ಲಿನ ಡಾಕ್ಟರು ಸಿಕ್ಕರೆ ಸಾಕು. ಇಲ್ಲದಿದ್ದರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ, ಆ ವಿಭಾಗ ಇರುವ ಕಡೆ ಒಂದು ಸಲ ಹೋಗಿ ಬನ್ನಿ. ಆಮೇಲಿನ ತಪಾಸಣೆ ಊರಲ್ಲೇ ಆಗಬಹುದು.

ಮನೆಗೆ ಬಂದ ಮೇಲೆ ಖಡಕ್ ರೊಟ್ಟಿ ಕೆಲವು ವಾರ ಬೇಡ. ಅದರ ಚೂಪು ಅಂಚು ಕೆಳದವಡೆಯ ಒಳಬದಿಯ ತೆಳು ವಸಡಿಗೆ ಚುಚ್ಚಿ ಹೊಸ ಗಾಯ ಮಾಡುತ್ತದೆ. ನುಚ್ಚು, ಅನ್ನ, ಸಾರಿನಲ್ಲಿ ನೆನೆಸಿದ ಮೆತ್ತನೆ ರೊಟ್ಟಿ ಸಾಕು. ತಾಯಿಗೆ ಎಲೆ ಅಡಿಕೆಯ ಜೊತೆ ತಂಬಾಕಿನ ಅಭ್ಯಾಸ ಇದ್ದರೆ ಈ ಎರಡು ತಿಂಗಳಾದರೂ ಬಿಡಿಸಿ. ಸುಣ್ಣ, ತಂಬಾಕು ಎರಡೂ ಆ ಗಾಯಕ್ಕೆ ಶತ್ರು. ಲವಂಗ ಜಜ್ಜಿ ಕುಳಿಯಲ್ಲಿ ಇಡುವುದು, ಉಪ್ಪು ಉಜ್ಜುವುದು ಕೂಡ ಬೇಡ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದು ಅದು ಆ ಜಾಗಕ್ಕೆ ಒತ್ತುತ್ತಿದ್ದರೆ ಡಾಕ್ಟರಿಗೆ ತೋರಿಸಿ ಸರಿ ಮಾಡಿಸುವ ತನಕ ತೆಗೆದಿಡಿ.

ಒಂದು ವಾರಕ್ಕೆ, ಎರಡು ವಾರಕ್ಕೆ, ಒಂದು ತಿಂಗಳಿಗೆ, ಎರಡು ತಿಂಗಳಿಗೆ ತೋರಿಸಿ. ನಡುವೆ ಮನೆಯಲ್ಲಿ ಟಾರ್ಚ್ ಹಿಡಿದು ನೀವೂ ನೋಡಬಹುದು. ಕಿತ್ತ ಎರಡು ಮೂರನೇ ದಿನ ಜೋರು ನೋವು ಬಂದರೆ ಅದು ಹೆಚ್ಚಾಗಿ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಹೋಗಿ ಬರುವ ನೋವು. ಯಾರಿಗೆ ಬೇಕಾದರೂ ಬರುತ್ತದೆ, ಡಾಕ್ಟರು ಔಷಧಿ ತುಂಬಿದರೆ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಾವು ಹೆದರುವ ತೊಂದರೆ ಬರುವ ರೀತಿ ಬೇರೆ. ಮೊದಮೊದಲು ನೋವೇ ಇರದೆಯೂ ಇರಬಹುದು. ಮೂರು ನಾಲ್ಕು ವಾರವಾದರೂ ವಸಡು ಕೂಡಿರುವುದಿಲ್ಲ. ಕುಳಿಯಲ್ಲಿ ಹಳದಿ ಬಿಳಿ ಬಣ್ಣದ ಗಟ್ಟಿ ವಸ್ತು ಕಾಣುತ್ತದೆ, ನಾಲಿಗೆಗೆ ಒರಟಾಗಿ ತಾಗುತ್ತದೆ. ಬಾಯಿ ವಾಸನೆ, ಮತ್ತೆ ಮತ್ತೆ ಕೀವು, ವಸಡಿನಲ್ಲೋ ಗದ್ದದ ಚರ್ಮದಲ್ಲೋ ಸಣ್ಣ ತೂತು ಬಂದು ಸೋರುವುದು ಇವೂ ಇರಬಹುದು. ಕೆಳತುಟಿ ಅಥವಾ ಗದ್ದ ಜೋಮು ಹಿಡಿದ ಹಾಗಾದರೆ ಅದೇ ದಿನ ತೋರಿಸಬೇಕು, ಸೋಂಕು ದವಡೆಯೊಳಗಿನ ನರದ ತನಕ ಹೋಗಿರುವ ಸಾಧ್ಯತೆ ಇದೆ. ಎಂಟು ವಾರಕ್ಕಿಂತ ಜಾಸ್ತಿ ಎಲುಬು ತೆರೆದಿದ್ದರೆ ಮಾತ್ರ ನಾವು ಈ ರೋಗದ ಹೆಸರು ಕೊಡುತ್ತೇವೆ. ಅದು ಹೆಸರಿಡುವ ಲೆಕ್ಕ, ಕಾದು ಕೂರುವ ಲೆಕ್ಕವಲ್ಲ. ಒರಟು ಎಲುಬು ಕಂಡ ದಿನವೇ ಬನ್ನಿ, ಉಗುರಿನಿಂದಲೋ ಪಿನ್ನಿನಿಂದಲೋ ಕೀಳಲು ಹೋಗಬೇಡಿ.

ಹಾಗೊಂದು ವೇಳೆ ಆದರೂ ನಿಮ್ಮ ತಾಯಿಯ ಪ್ರಮಾಣದಲ್ಲಿ ಔಷಧಿ ಪಡೆದವರಲ್ಲಿ ಅದು ಸಾಮಾನ್ಯವಾಗಿ ಸಣ್ಣ ಜಾಗಕ್ಕೆ ಸೀಮಿತವಾಗಿರುತ್ತದೆ. ಮೌತ್‌ವಾಶ್, ಸೋಂಕಿದ್ದರೆ ಆಂಟಿಬಯೋಟಿಕ್, ಸಡಿಲಾದ ಸತ್ತ ಚೂರನ್ನು ತೆಗೆಯುವುದು, ಬೇಕಿದ್ದರೆ ಕೆಟ್ಟ ಎಲುಬನ್ನು ಕೆರೆದು ವಸಡು ಮುಚ್ಚುವ ಶಸ್ತ್ರಚಿಕಿತ್ಸೆ. ಇವುಗಳಿಂದ ಹೆಚ್ಚಿನವರಲ್ಲಿ ಮಾಯುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯಬಹುದು.

ಕೊನೆಗೆ ಎಲುಬಿನ ಡಾಕ್ಟರ ಹತ್ತಿರ ಕೇಳಬೇಕಾದದ್ದು. ನಾಲ್ಕು ವರ್ಷ ಗುಳಿಗೆ, ಮೂರು ಇಂಜೆಕ್ಷನ್ ಆದ ಮೇಲೆ ಮುಂದುವರಿಸಬೇಕೋ ಸ್ವಲ್ಪ ಕಾಲ ಬಿಡುವು ಕೊಡಬಹುದೋ ಎಂದು ಮತ್ತೆ ಲೆಕ್ಕ ಹಾಕುವ ಹೊತ್ತು ಹೇಗೂ ಬಂದಿದೆ. ಈಗಿನ ಎಲುಬಿನ ಸಾಂದ್ರತೆ ಎಷ್ಟು, ಬೆನ್ನಿನಲ್ಲಿ ಹೊಸ ಕುಸಿತ ಇದೆಯೋ ಎಂಬುದರ ಮೇಲೆ ಅವರು ನಿರ್ಧರಿಸುತ್ತಾರೆ. ಒಮ್ಮೆ ಬೆನ್ನು ಕುಸಿದವರಾದ್ದರಿಂದ ಮುಂದುವರಿಸಿ ಎಂದೂ ಹೇಳಬಹುದು, ಆಗ ಹಲ್ಲಿನ ಭಯದಿಂದ ಬೇಡ ಎನ್ನಬೇಡಿ. ಹಲ್ಲು ಯಾವ ದಿನ ತೆಗೆಸಿದಿರಿ, ವಸಡು ಕೂಡಿದೆಯೋ ಇಲ್ಲವೋ ಎಂದು ಅವರಿಗೆ ಹೇಳಿ. ಕೂಡಿಲ್ಲದಿದ್ದರೆ ವರ್ಷದ ಇಂಜೆಕ್ಷನ್ ಕೆಲವು ವಾರ ಮುಂದೆ ಹೋದರೆ ತೊಂದರೆಯಿಲ್ಲ.